ನೆತ್ತಿಯ ಮೇಲಿನ ಎರಡು ಸಾಲು

ಬೇಸಿಗೆ ಬಂತೆಂದರೆ ಊರೂರಿನಲ್ಲಿ ಟ್ಯೂಷನ್ ಪಾಂಪ್ಲೆಟ್ಟುಗಳು ಹೊರಡುತ್ತವೆ. ಹತ್ತನ್ನು ಒಟ್ಟುಮಾಡಿ ನೋಡಿದರೆ ಏಳೆಂಟರ ನೆತ್ತಿಯ ಮೇಲೆ ಒಂದೇ ಮಾತು: "ಶುಭ ಸುದ್ದಿ! ಶುಭ ಸುದ್ದಿ!!" ಅದರ ಕೆಳಗೆ "ಪೋಷಕರ ಗಮನಕ್ಕೆ", ಅದರ ಕೆಳಗೆ ಸೆಂಟರಿನ ಹೆಸರು, ಆಮೇಲೆ "ಪ್ರವೇಶಾತಿ ಪ್ರಾರಂಭವಾಗಿದೆ". ಯಾವ ತರಗತಿಗೆ, ಯಾವ ವಿಷಯಕ್ಕೆ, ಎಷ್ಟು ಹೊತ್ತಿಗೆ ಎಂಬುದು ತಳದಲ್ಲಿ, ಸಣ್ಣ ಅಕ್ಷರದಲ್ಲಿ. ಚೀಟಿ ಕೈಗೆ ಬಂದವರು ಅಲ್ಲಿಯವರೆಗೆ ಓದಿದರೆ ಪುಣ್ಯ. ಅದೇ "ಶುಭ ಸುದ್ದಿ" ಸೀರೆ ಅಂಗಡಿಯ ರಿಯಾಯಿತಿಗೂ, ಬೋರ್‌ವೆಲ್ ಲಾರಿಗೂ, ಕಣ್ಣಿನ ತಪಾಸಣಾ ಶಿಬಿರಕ್ಕೂ ಬಳಕೆಯಾಗಿ ಸವೆದಿರುವುದರಿಂದ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ.

ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ ತಾಳ್ಯದಲ್ಲಿ ಯಾರೋ ಒಬ್ಬರು ಹೊಸದಾಗಿ ಟ್ಯೂಷನ್ ಸೆಂಟರ್ ತೆರೆಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಬಿ.ಎಸ್‌ಸಿ., ಬಿ.ಇಡಿ. ಮುಗಿಸಿದವರು. ಬಾಡಿಗೆಗೆ ಹಿಡಿದ ಎರಡು ಕೋಣೆ, ಒಂದು ಕಪ್ಪು ಹಲಗೆ, ಇಪ್ಪತ್ತೈದು ಮಕ್ಕಳಿಗೆ ಸಾಲುವಷ್ಟು ಬೆಂಚು. ಬೇಸಿಗೆ ಬ್ಯಾಚಿಗೆ ಸಾವಿರ ಪಾಂಪ್ಲೆಟ್ ಹಾಕಿಸಬೇಕು. ಅಳತೆ ಎ5, ಅಂದರೆ ಜೆರಾಕ್ಸ್ ಹಾಳೆಯ ಅರ್ಧ. ಒಂದೇ ಬಣ್ಣದ ಶಾಯಿ. ಇಷ್ಟು ಜಾಗದಲ್ಲಿ ಎದ್ದು ಕಾಣುವಂತೆ ಬರೆಯಲಿಕ್ಕೆ ಸಿಗುವುದು ಎರಡು ಸಾಲು. ಆ ಎರಡು ಸಾಲಿನಲ್ಲಿ ಏನಿರಬೇಕು?

ಮೊದಲು ಆ ಹಾಳೆಯನ್ನು ಯಾರು ಓದುತ್ತಾರೆ ಎಂದು ನೋಡಬೇಕು. ಹಳ್ಳಿಯಲ್ಲಿ ಅದು ಕೈಯಿಂದ ಕೈಗೆ ಹೋಗುತ್ತದೆ. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಅಪ್ಪನ ಕೈಗೆ ಬಂದದ್ದು ಜೇಬಿನಲ್ಲಿ ಮಡಚಿಕೊಂಡು ಮನೆ ಸೇರುತ್ತದೆ. ಮನೆಯಲ್ಲಿ ತಾಯಿ ಓದುತ್ತಾಳೆ ಇಲ್ಲವೇ ಮಗಳ ಕೈಲಿ ಓದಿಸುತ್ತಾಳೆ. ಕೊನೆಗೆ ಹೋಗುವುದೋ ಬಿಡುವುದೋ ಎಂದು ತಕರಾರು ತೆಗೆಯುವುದು ಮಗುವೇ. ಹಾಗಾಗಿ ತಲೆಬರಹ ಡೈರಿಯ ಮುಂದೆ ಒಂದು ಕ್ಷಣದಲ್ಲಿ ತಿಳಿಯಬೇಕು, ಮನೆಯಲ್ಲಿ ಜೋರಾಗಿ ಓದಿದಾಗ ನಾಲಿಗೆ ತೊಡರಬಾರದು, ಮಗುವಿನ ಮುಖ ಗಂಟಿಕ್ಕುವಂತೆಯೂ ಇರಬಾರದು.

ಹೊಸ ಸೆಂಟರಿನ ದೊಡ್ಡ ಕೊರತೆ ಅದರ ಬಳಿ ಫಲಿತಾಂಶ ಇಲ್ಲದಿರುವುದು. ಹಳೆಯ ಸೆಂಟರುಗಳು ಮಕ್ಕಳ ಫೋಟೊ ಹಾಕಿ, ಪಕ್ಕದಲ್ಲಿ 625ಕ್ಕೆ ಇಷ್ಟು ಎಂದು ಅಂಕ ಬರೆದು ತಲೆಬರಹದ ಕೆಲಸ ಮುಗಿಸಿಬಿಡುತ್ತವೆ. ಹೊಸಬರಿಗೆ ಆ ದಾರಿ ಇಲ್ಲ. ಆಗ ಕೈ ತಾನಾಗಿ ಹೋಗುವುದು "ನೂರಕ್ಕೆ ನೂರು ಫಲಿತಾಂಶ ಗ್ಯಾರಂಟಿ" ಎಂಬಲ್ಲಿಗೆ. ಅಲ್ಲಿಗೆ ಹೋಗಬಾರದು. ಇನ್ನೂ ಬಾಗಿಲು ತೆರೆಯದ ಕೋಣೆ ಯಾರ ಅಂಕಕ್ಕೂ ಜಾಮೀನು ಕೊಡಲಾರದು ಎಂಬುದು ಒಂದು ಕಾರಣ. ಕಾನೂನು ಇನ್ನೊಂದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ರ‍್ಯಾಂಕು, ಆಯ್ಕೆ, ಅಂಕಗಳ ಗ್ಯಾರಂಟಿ ಕೊಡುವಂತಿಲ್ಲ. ಪಾಸಾದ ಮಗುವಿನ ಹೆಸರು, ಫೋಟೊ ಬಳಸಬೇಕಾದರೆ ಫಲಿತಾಂಶ ಬಂದ ಮೇಲೆ ಲಿಖಿತ ಒಪ್ಪಿಗೆ ಪಡೆಯಬೇಕು. ಸೀಟು ಖಾಲಿ ಇದ್ದರೂ "ಕೆಲವೇ ಸೀಟುಗಳು ಬಾಕಿ" ಎಂದು ಅವಸರ ಹುಟ್ಟಿಸುವಂತಿಲ್ಲ. ಆ ಹೊತ್ತಿಗಾಗಲೇ ಪ್ರಾಧಿಕಾರ 45 ನೋಟಿಸ್ ಕೊಟ್ಟು, 18 ಸಂಸ್ಥೆಗಳಿಗೆ ಒಟ್ಟು 54.60 ಲಕ್ಷ ರೂಪಾಯಿ ದಂಡ ಹಾಕಿತ್ತು. ಈ ಮಾರ್ಗಸೂಚಿ ಐವತ್ತಕ್ಕಿಂತ ಹೆಚ್ಚು ಮಕ್ಕಳಿರುವ ಕೇಂದ್ರಗಳ ಕುರಿತದ್ದು, ತಾಳ್ಯದ ಎರಡು ಕೋಣೆ ಅದರೊಳಗೆ ಬರಲಿಕ್ಕಿಲ್ಲ. ಆದರೆ ದಾರಿ ತಪ್ಪಿಸುವ ಜಾಹೀರಾತನ್ನು ತಡೆಯುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಮಕ್ಕಳ ಲೆಕ್ಕವಿಲ್ಲ.

ಇನ್ನೊಂದು ಆಸೆಯೂ ಹೊಸಬರನ್ನು ಕಾಡುತ್ತದೆ. ಊರಿನಲ್ಲಿ ಹೆಸರು ಮಾಡಿದ ಸರ್ಕಾರಿ ಶಾಲೆಯ ಮೇಷ್ಟ್ರ ಹೆಸರನ್ನು ನೆತ್ತಿಯ ಮೇಲೆ ಹಾಕಿದರೆ ಜನ ನಂಬುತ್ತಾರಲ್ಲ ಎಂಬ ಆಸೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ. ಪಾಂಪ್ಲೆಟ್ಟಿನಲ್ಲಿ ಹೆಸರು ಹಾಕಿಸಿದರೆ ಆ ಮೇಷ್ಟ್ರ ವಿರುದ್ಧ ಅಚ್ಚಾದ ಸಾಕ್ಷಿಯನ್ನು ತಾವೇ ಹಂಚಿದಂತಾಗುತ್ತದೆ.

ಹಾಗಾದರೆ ಹೊಸ ಸೆಂಟರಿನ ಬಳಿ ಹೇಳಿಕೊಳ್ಳಲು ಇರುವುದೇನು? ಇರುವುದು ಗಂಟೆಗಳು. ಅವನ್ನು ಎಣಿಸಿದರೆ ತಲೆಬರಹ ಅಲ್ಲೇ ಸಿಗುತ್ತದೆ.

ರಾಜ್ಯದ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಆರಂಭದ ಕೆಲವು ದಿನ ಮಕ್ಕಳು ಅಜ್ಜಿ ಮನೆಗೆ ಹೋಗುತ್ತಾರೆ, ಕೊನೆಯ ದಿನಗಳು ಹೊಸ ಬಟ್ಟೆ, ಪುಸ್ತಕಗಳಿಗೆ ಹೋಗುತ್ತವೆ. ನಡುವೆ ಗಟ್ಟಿಯಾಗಿ ಕೈಗೆ ಸಿಗುವುದು ಆರು ವಾರ. ವಾರಕ್ಕೆ ಐದು ದಿನವಾದರೆ 30 ದಿನ. ದಿನಕ್ಕೆ ಎರಡು ಗಂಟೆ, ಗಣಿತಕ್ಕೊಂದು, ವಿಜ್ಞಾನಕ್ಕೊಂದು. ಅಲ್ಲಿಗೆ ಗಣಿತಕ್ಕೆ 30 ಗಂಟೆ. ಒಂಬತ್ತು ಮುಗಿಸಿ ಹತ್ತಕ್ಕೆ ಹೋಗುವ ಮಗುವಿಗೆ ಮೊದಲ ಐದಾರು ಗಂಟೆ ಹಿಂದಿನದ್ದನ್ನು ಸರಿಪಡಿಸಲಿಕ್ಕೇ ಬೇಕು. ಋಣ ಸಂಖ್ಯೆ, ಭಿನ್ನರಾಶಿ, ಬೀಜೋಕ್ತಿಗಳಲ್ಲಿ ಎಡವುವ ಮಗುವಿಗೆ ಮುಂದಿನ ಪಾಠ ಹತ್ತುವುದಿಲ್ಲ. ಉಳಿದ 24 ಗಂಟೆಯಲ್ಲಿ ಪಾಠಕ್ಕೆ ಎಂಟು ಗಂಟೆಯಂತೆ ಮೂರು ಪಾಠ ಆಗುತ್ತವೆ: ಸಮಾಂತರ ಶ್ರೇಢಿ, ತ್ರಿಭುಜಗಳು, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿ. ಲೆಕ್ಕ ಬಿಡಿಸಿ, ತಪ್ಪು ತಿದ್ದಿ, ಒಂದೊಂದು ಕಿರುಪರೀಕ್ಷೆ ಕೊಡುವಷ್ಟು ಹೊತ್ತು ಸಿಗುತ್ತದೆ. ನಾಲ್ಕನೆಯದಕ್ಕೆ ಕೈ ಹಾಕಿದರೆ ಓಟವಾಗುತ್ತದೆ.

ಈಗ ಬರೆಯಬಹುದು:

ಶಾಲೆ ತೆರೆಯುವ ಮೊದಲೇ
ಹತ್ತರ ಗಣಿತದ ಮೂರು ಪಾಠ

ಇದರಲ್ಲಿ ಹೊಗಳಿಕೆ ಇಲ್ಲ. ಯಾರಿಗೆ ಎಂಬುದಕ್ಕೆ "ಹತ್ತರ", ಏನು ಎಂಬುದಕ್ಕೆ "ಗಣಿತದ", ಎಷ್ಟು ಎಂಬುದಕ್ಕೆ "ಮೂರು ಪಾಠ", ಎಷ್ಟರೊಳಗೆ ಎಂಬುದಕ್ಕೆ "ಶಾಲೆ ತೆರೆಯುವ ಮೊದಲೇ". "ಉಜ್ವಲ ಭವಿಷ್ಯಕ್ಕೆ ಭದ್ರ ಬುನಾದಿ" ಎಂಬ ಸಾಲನ್ನು ಯಾರೂ ಸುಳ್ಳೆಂದು ತೋರಿಸಲಾರರು, ನಿಜವೆಂದೂ ತೋರಿಸಲಾರರು. ಅದಕ್ಕೇ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರು ಪಾಠ ಎಂದರೆ ಹಾಗಲ್ಲ. ಮೇ ಕೊನೆಗೆ ತಾಯಿ ಮಗುವಿನ ನೋಟ್‌ಬುಕ್ ತೆಗೆದು, "ಎಲ್ಲಿ, ಮೂರೂ ಆಯ್ತಾ?" ಎಂದು ಕೇಳಬಹುದು. ಹಾಗೆ ಕೇಳಲು ಅವಕಾಶ ಕೊಡುವ ಸಾಲನ್ನು ಓದಿದವರು ನಂಬುತ್ತಾರೆ.

ತಲೆಬರಹದ ಕೆಳಗಿನ ಸಾಲಿನಲ್ಲಿ ಮೂರೂ ಪಾಠಗಳ ಹೆಸರಿರಲಿ, ಪಠ್ಯಪುಸ್ತಕದಲ್ಲಿ ಇರುವ ಹಾಗೆಯೇ. ಪಾಠ ಹೇಳುವವರು ಇಂಗ್ಲಿಷಿನಲ್ಲಿ ಓದಿದವರಾದರೆ ಎ.ಪಿ. ಎಂದು ಬರೆಯುತ್ತಾರೆ. ಕನ್ನಡ ಮಾಧ್ಯಮದ ಮಗುವಿಗೆ ಅದು ಸಮಾಂತರ ಶ್ರೇಢಿ. ತನ್ನ ಪುಸ್ತಕದ ಮಾತು ಹಾಳೆಯಲ್ಲಿ ಕಂಡರೆ ಇವರು ನಮ್ಮ ಪುಸ್ತಕವನ್ನೇ ಹೇಳಿಕೊಡುತ್ತಾರೆ ಎಂದು ಮಗುವಿಗೆ ಗೊತ್ತಾಗುತ್ತದೆ. ಮಾಧ್ಯಮ ಯಾವುದೆಂದೂ ಅದೇ ಸಾಲಿನಲ್ಲಿ ಹೇಳಿಬಿಡಬೇಕು, ಏಕೆಂದರೆ ಫೋನು ಮಾಡಿದವರು ಮೊದಲು ಕೇಳುವುದು ಅದನ್ನೇ.

ಇದೇ ಬ್ಯಾಚಿಗೆ ಇನ್ನೊಂದು ದಿಕ್ಕಿನಿಂದಲೂ ತಲೆಬರಹ ಹುಟ್ಟುತ್ತದೆ. ಬೇಸಿಗೆಯಲ್ಲಿ ಟ್ಯೂಷನ್ ಎಂದರೆ ಮಗು ಮುಖ ತಿರುಗಿಸುವುದು ರಜೆ ಹೋಯಿತಲ್ಲ ಎಂದು. ಏಪ್ರಿಲ್, ಮೇ ಅಂದರೆ ಮದುವೆ, ಜಾತ್ರೆ, ನೆಂಟರ ಕಾಲ. ಚಿತ್ರದುರ್ಗದ ಬಿಸಿಲಿಗೆ ಹನ್ನೊಂದರ ಮೇಲೆ ತಗಡಿನ ಸೂರಿನ ಕೋಣೆಯಲ್ಲಿ ಕೂರಲಿಕ್ಕೂ ಆಗುವುದಿಲ್ಲ. ಹಾಗಾಗಿ ತರಗತಿಯನ್ನು ಬೆಳಿಗ್ಗೆ ಏಳಕ್ಕೆ ಇಟ್ಟುಕೊಳ್ಳುವುದು ಹೇಗೂ ಅನಿವಾರ್ಯ. ಆ ಅನಿವಾರ್ಯವನ್ನೇ ಮುಂದೆ ತಂದರೆ ಹೀಗಾಗುತ್ತದೆ:

ಬೆಳಿಗ್ಗೆ 7ರಿಂದ 9 ಗಣಿತ, ವಿಜ್ಞಾನ
ಆಮೇಲೆ ರಜೆ ನಿಮ್ಮದೇ

ಮೊದಲನೆಯದು ತಾಯಿ ತಂದೆಯರ ಚಿಂತೆಗೆ ಉತ್ತರ, ಇದು ಮಗುವಿನ ತಕರಾರಿಗೆ ಉತ್ತರ. ಎರಡನ್ನೂ ಒಂದೇ ಹಾಳೆಯ ನೆತ್ತಿಯಲ್ಲಿ ತುರುಕಿದರೆ ಎರಡೂ ಕೆಡುತ್ತವೆ. ಒಂದನ್ನು ಮೇಲೆ ಇಟ್ಟು, ಇನ್ನೊಂದನ್ನು ಸಣ್ಣದಾಗಿ ಕೆಳಗೆ ಇಡಬೇಕು. ಬಸ್ಸಿನಲ್ಲಿ ಬರುವ ಹಳ್ಳಿಗಳ ಮಕ್ಕಳನ್ನೂ ಕರೆಯುವುದಾದರೆ ಏಳು ಗಂಟೆ ಎಂದು ಅಚ್ಚು ಹಾಕಿಸುವ ಮೊದಲು ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ತಾಳ್ಯ ಮುಟ್ಟುತ್ತದೆ ಎಂದು ನಿಲ್ದಾಣದಲ್ಲಿ ನಿಂತು ನೋಡಿ ಬರಬೇಕು. ಬಸ್ಸು ಏಳೂಕಾಲಿಗೆ ಬರುವುದಾದರೆ ತರಗತಿ ಏಳೂವರೆಗೇ.

ಬಹಳ ಎಚ್ಚರದಿಂದ ಬರೆಯಬೇಕಾದದ್ದು ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಬಿಟ್ಟುಹೋದ ಮಕ್ಕಳ ಬ್ಯಾಚಿನ ತಲೆಬರಹ. "ಫೇಲಾದವರಿಗೆ ವಿಶೇಷ ತರಗತಿ", "ಅನುತ್ತೀರ್ಣರಿಗೆ ಸುವರ್ಣಾವಕಾಶ" ಎಂಬ ಸಾಲುಗಳನ್ನು ಎಲ್ಲ ಕಡೆ ನೋಡಿದ್ದೇವೆ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಆ ಹಾಳೆ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕಾದ ಹದಿನಾರರ ಹುಡುಗಿಯನ್ನು ನೆನೆಸಿಕೊಳ್ಳಬೇಕು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅವಳು ಆ ಹಾಳೆಯನ್ನು ಅಲ್ಲೇ ಮುದುರಿ ಹಾಕುತ್ತಾಳೆ.

ಇದಕ್ಕೆ ಒಳ್ಳೆಯ ಮಾತನ್ನು ರಾಜ್ಯದ ಪರೀಕ್ಷಾ ವ್ಯವಸ್ಥೆಯೇ ಕೊಟ್ಟಿದೆ. 2023–24ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ವರ್ಷಕ್ಕೆ ಮೂರು ಪರೀಕ್ಷೆ ನಡೆಸಲು ಶುರುಮಾಡಿತು. ಪೂರಕ ಪರೀಕ್ಷೆ ಎಂಬ ಹಳೆಯ ಹಣೆಪಟ್ಟಿ ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದಾಯಿತು. ಪಾಸಾದವರೂ ಹೆಚ್ಚು ಅಂಕಕ್ಕಾಗಿ ಎರಡನೆಯದಕ್ಕೆ ಕೂರಬಹುದು. ಹಾಗಾಗಿ "ಪರೀಕ್ಷೆ-2ಕ್ಕೆ ತಯಾರಿ" ಎಂದರೆ ಅದರಲ್ಲಿ ಯಾರು ಪಾಸು, ಯಾರು ಫೇಲು ಎಂಬುದು ಇಲ್ಲ. ಎಲ್ಲರೂ ಒಂದೇ ಬೆಂಚಿನವರು.

ಈ ಬ್ಯಾಚಿಗೆ ದಿನಾಂಕವೇ ಜೀವ. 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಮೇ 2ರಂದು ಬಂತು, ಪರೀಕ್ಷೆ-2 ಮೇ 26ಕ್ಕೆ ಶುರುವಾಯಿತು. ನಡುವೆ ಉಳಿದದ್ದು ಮೂರೇ ವಾರ ಮತ್ತೊಂದಿಷ್ಟು ದಿನ. ಫಲಿತಾಂಶ ಬಂದ ಮೇಲೆ ಪ್ರೆಸ್ಸಿಗೆ ಹೋಗಿ, ಪ್ರೂಫ್ ನೋಡಿ, ಅಚ್ಚು ಹಾಕಿಸಿ ಹಂಚುವ ಹೊತ್ತಿಗೆ ಒಂದು ವಾರ ಕಳೆದಿರುತ್ತದೆ. ಮೊದಲೇ ಹಾಕಿಸೋಣ ಎಂದರೆ ಫಲಿತಾಂಶದ ದಿನ ಯಾರಿಗೂ ಗೊತ್ತಿಲ್ಲ. ದಾರಿ ಇದು: ತಾರೀಖು ಬರೆಯದೆ ದಿನ ಬರೆಯುವುದು.

ಫಲಿತಾಂಶ ಬಂದ ಮರುದಿನವೇ
ಪರೀಕ್ಷೆ-2ಕ್ಕೆ ಗಣಿತ, ವಿಜ್ಞಾನ ತಯಾರಿ

ಇದನ್ನು ಏಪ್ರಿಲ್‌ನಲ್ಲೇ ಅಚ್ಚು ಹಾಕಿಸಿಟ್ಟುಕೊಂಡು, ಫಲಿತಾಂಶ ಬಂದ ಸಂಜೆ ಹಂಚಬಹುದು. ಇದನ್ನು ಒಂಬತ್ತರ ಮಕ್ಕಳ ಹಾಳೆಯ ಜೊತೆ ಸೇರಿಸಬಾರದು, ಬೇರೆಯದೇ ಹಾಳೆ ಬೇಕು. ಮತ್ತೆ, ಈ ಮೂರು ವಾರದಲ್ಲಿ "ಪಾಸು ಮಾಡಿಸುತ್ತೇವೆ" ಎನ್ನುವ ಮಾತು ಬಾಯಿಗೂ ಬರಬಾರದು. ಹೆದರಿಕೊಂಡಿರುವ ಮನೆಯವರು ಆ ಮಾತಿಗೆ ಕೇಳಿದಷ್ಟು ಫೀಸು ಕೊಡುತ್ತಾರೆ, ಮಗು ಪಾಸಾಗದಿದ್ದರೆ ಇನ್ನೊಂದು ಪೆಟ್ಟು ತಿನ್ನುತ್ತದೆ.

ಏಳು ಮುಗಿಸಿ ಎಂಟಕ್ಕೆ ಹೋಗುವವರಿಗೆ ಇಷ್ಟು ಯೋಚನೆ ಬೇಡ. ಊರಿನ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗುವ ಅಳುಕು ಅವರಿಗೆ. "ಹೈಸ್ಕೂಲಿಗೆ ಹೊರಟವರಿಗೆ ಇಂಗ್ಲಿಷ್ ಓದು, ಬರಹ" ಎಂದರೆ ಸಾಕು.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. "ಬೇಸಿಗೆ ಶಿಬಿರ" ಚೆಂದದ ಮಾತು, ಹಾಗಾಗಿ ಅದನ್ನೇ ತಲೆಬರಹಕ್ಕೆ ಏರಿಸುವವರಿದ್ದಾರೆ. ಆದರೆ ಶಿಬಿರ ಎಂದರೆ ಕನ್ನಡದ ಮನೆಗಳಲ್ಲಿ ಹಾಡು, ನಾಟಕ, ಚಿತ್ರ, ಮಣ್ಣಿನ ಆಟ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳ ಆ ಕಲ್ಪನೆಯನ್ನು ಗಟ್ಟಿ ಮಾಡಿದೆ. ಶಿಬಿರ ಎಂದು ಕರೆದು ಸಮೀಕರಣ ಬಿಡಿಸಲು ಕೂರಿಸಿದರೆ ಮಗುವಿಗೆ ಮೋಸವಾದಂತೆ ಅನಿಸುತ್ತದೆ. ಪಾಠಕ್ಕೆ "ಬೇಸಿಗೆ ಬ್ಯಾಚ್" ಎನ್ನುವುದೇ ನೇರ. ಹೆಸರಿನ ವಿಷಯದಲ್ಲಿ ಆ ಮೇಳದಿಂದ ಕಲಿಯಬೇಕಾದದ್ದು ಬೇರೆ. ಚಿಣ್ಣರು ಎಂದರೆ ಯಾರು, ಮೇಳ ಎಂದರೆ ಏನು ಎಂದು ಯಾರೂ ಕೇಳಬೇಕಾಗಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಸರ್ಕಾರಿ ಶಾಲೆಗಳ "ನಲಿ-ಕಲಿ"ಯೂ ಹಾಗೇ, ನಾಲ್ಕು ಅಕ್ಷರದಲ್ಲಿ ಇಡೀ ವಿಧಾನವನ್ನು ಹೇಳಿಬಿಟ್ಟಿತು. ಎರಡರಲ್ಲೂ ಬಾಯಲ್ಲಿ ಆಡುವ ಮಾತೇ ಇದೆ, ಪ್ರವೇಶಾತಿ, ಉತ್ಕೃಷ್ಟ, ನುರಿತ ಅಧ್ಯಾಪಕ ವೃಂದ ಇಲ್ಲ.

ಸಣ್ಣ ಪದ ಬೇಕೆನ್ನಲು ಅಚ್ಚಿನ ಕಾರಣವೂ ಇದೆ. ಎ5 ಹಾಳೆಯ ಅಗಲ 148 ಮಿಲಿಮೀಟರ್. ಎರಡೂ ಅಂಚಿಗೆ ಹತ್ತು ಹತ್ತು ಬಿಟ್ಟರೆ ಉಳಿಯುವುದು 128. ದೂರದಿಂದ ಕಾಣಲು ಅಕ್ಷರ 36 ಪಾಯಿಂಟ್ ಇರಲಿ ಎಂದರೆ, ಅಕ್ಷರದ ರೂಪ ನೋಡಿಕೊಂಡು, ಸಾಲಿಗೆ ಹನ್ನೊಂದು ಹನ್ನೆರಡು ಅಕ್ಷರ ಹಿಡಿಯುತ್ತವೆ. "ಶಾಲೆ ತೆರೆಯುವ ಮೊದಲೇ" ಒಂಬತ್ತು ಅಕ್ಷರ. "ಹತ್ತರ ಗಣಿತದ ಮೂರು ಪಾಠ" ಹನ್ನೊಂದು. ಎರಡೂ ಸಾಲು ಅಡಕವಾಗಿ ಕೂತವು. "ವಿದ್ಯಾರ್ಥಿಗಳಿಗೆ" ಎಂಬ ಒಂದೇ ಪದ ಅರ್ಧ ಸಾಲು ನುಂಗುತ್ತದೆ, "ಮಕ್ಕಳಿಗೆ" ಎಂದರೆ ನಾಲ್ಕು ಅಕ್ಷರ.

ಕನ್ನಡದ ತಲೆಬರಹ ಕೆಡುವುದು ಹೆಚ್ಚಾಗಿ ಸಾಲಿನ ಕೆಳಗೆ, ಒತ್ತಕ್ಷರದಲ್ಲಿ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಡಿಟಿಪಿ ಮಾಡುವವರು ಜಾಗ ಸಾಲದೆಂದು ಅಕ್ಷರವನ್ನು ಅಡ್ಡಕ್ಕೆ ಒತ್ತಿ, ಮೇಲೆ ಔಟ್‌ಲೈನು, ನೆರಳು ಕೊಟ್ಟರೆ ಒತ್ತಿನ ಸಣ್ಣ ಸುರುಳಿಗಳು ಶಾಯಿಯಿಂದ ಮುಚ್ಚಿಕೊಳ್ಳುತ್ತವೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರವಾದರೆ ಅಗ್ಗದ ಕಾಗದದಲ್ಲಿ ಇನ್ನೂ ಬೇಗ. ನಮ್ಮ ಎರಡು ಸಾಲಿನಲ್ಲಿ ಒತ್ತು ಇರುವುದು ಒಂದೇ ಕಡೆ, "ಹತ್ತರ" ಎಂಬಲ್ಲಿ. ಅದೂ ಎರಡನೇ ಸಾಲಿನಲ್ಲಿ, ಕೆಳಗೆ ಬಯಲಿರುವ ಕಡೆ.

ಇನ್ನೊಂದು ತೊಂದರೆ ಮನೆಯಿಂದ ಪ್ರೆಸ್ಸಿಗೆ ಹೋಗುವ ದಾರಿಯಲ್ಲಿ ಆಗುತ್ತದೆ. ಮೊಬೈಲಿನಲ್ಲಿ ಟೈಪಿಸಿದ್ದು ಯೂನಿಕೋಡ್. ಪ್ರೆಸ್ಸುಗಳಲ್ಲಿ ಇನ್ನೂ ಬಳಕೆಯಲ್ಲಿರುವ ಹಳೆಯ ಪೇಜ್‌ಮೇಕರ್, ಕೋರೆಲ್ ಡ್ರಾಗಳಿಗೆ ಅದು ಹಿಡಿಸುವುದಿಲ್ಲ, ಒತ್ತು ಬಿಡಿಬಿಡಿಯಾಗಿ ಬೀಳುತ್ತದೆ. ಅಲ್ಲಿ ನುಡಿ ಅಥವಾ ಬರಹ ಫಾಂಟಿಗೆ ಬದಲಾಯಿಸುತ್ತಾರೆ, ಇಲ್ಲವೇ ಹೊಸದಾಗಿ ಟೈಪ್ ಮಾಡುತ್ತಾರೆ. ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುವುದು, ದೀರ್ಘ ಕಳಚುವುದು ಸಾಮಾನ್ಯ. ಅದಕ್ಕೆ ಪ್ರೂಫನ್ನು ವಾಟ್ಸಾಪಿನ ಚಿತ್ರದಲ್ಲಿ ನೋಡಿ ಒಪ್ಪಬಾರದು. ಅದೇ ಅಳತೆಯ ಹಾಳೆಯಲ್ಲಿ ಒಂದು ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, ಆರು ಹೆಜ್ಜೆ ಹಿಂದೆ ಸರಿದು ಓದಬೇಕು. ಫೋನ್ ನಂಬರಿಗೆ ಅಲ್ಲೇ ನಿಂತು ಒಂದು ಕಾಲ್ ಮಾಡಿ ನೋಡಬೇಕು.

ಎರಡು ತಲೆಬರಹಗಳಲ್ಲಿ ಯಾವುದು ಜನರನ್ನು ಕರೆತರುತ್ತದೆ ಎಂದು ಕೂತಲ್ಲಿ ಹೇಳಲಾಗದು, ಸಾವಿರ ಹಾಳೆಯಲ್ಲೇ ಕಂಡುಕೊಳ್ಳಬಹುದು. "ಮೂರು ಪಾಠ"ವನ್ನು ಐನೂರು ಗುಲಾಬಿ ಹಾಳೆಗೆ, "ರಜೆ ನಿಮ್ಮದೇ"ಯನ್ನು ಐನೂರು ಹಳದಿ ಹಾಳೆಗೆ ಹಾಕಿಸಬೇಕು. ತಲೆಬರಹ ಬಿಟ್ಟು ಉಳಿದದ್ದೆಲ್ಲ ಎರಡರಲ್ಲೂ ಒಂದೇ ಇರಬೇಕು. ಗುಲಾಬಿಯನ್ನು ಡೈರಿಯ ಮುಂದೆ, ಹಳದಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಹಂಚಿದರೆ ಪರೀಕ್ಷೆ ಕೆಟ್ಟಿತು, ಆಗ ತಿಳಿಯುವುದು ಜಾಗದ ಗುಣವೇ ಹೊರತು ಸಾಲಿನ ಗುಣವಲ್ಲ. ಒಂದು ಗುಲಾಬಿ, ಒಂದು ಹಳದಿ ಎಂದು ಕಟ್ಟನ್ನು ಮೊದಲೇ ಬೆರೆಸಿಟ್ಟುಕೊಂಡು ಎಲ್ಲ ಕಡೆಯೂ ಕೊಡಬೇಕು. ಆಮೇಲೆ ವಿಚಾರಿಸಲು ಬಂದವರನ್ನು, ಫೋನು ಮಾಡಿದವರನ್ನು, "ಯಾವ ಬಣ್ಣದ ಹಾಳೆ ನೋಡಿದ್ರಿ ಅಕ್ಕಾ?" ಎಂದು ಕೇಳಿ ಒಂದು ಪುಸ್ತಕದಲ್ಲಿ ಗೀಟು ಹಾಕುತ್ತ ಹೋದರಾಯಿತು. ಎಂಟಕ್ಕೆ ಏಳು ಎಂಬಂಥ ವ್ಯತ್ಯಾಸಕ್ಕೆ ಅರ್ಥವಿಲ್ಲ. ಹದಿನೆಂಟಕ್ಕೆ ಆರು ಬಂದರೆ ಮುಂದಿನ ಬಾರಿ ಯಾವುದನ್ನು ಹಾಕಿಸಬೇಕೆಂದು ಗೊತ್ತಾದಂತೆ.

ಅದೇ ಪುಸ್ತಕದ ಇನ್ನೊಂದು ಬದಿಯಲ್ಲಿ ಬರೆದಿಡಬೇಕಾದದ್ದು ಇನ್ನೊಂದಿದೆ: ಮೊದಲ ದಿನ ಎಷ್ಟು ಮಕ್ಕಳು ಬಂದರು, ಕೊನೆಯ ದಿನ ಎಷ್ಟು ಮಂದಿ ಉಳಿದರು, ಮೂರೂ ಕಿರುಪರೀಕ್ಷೆಗಳನ್ನು ಎಷ್ಟು ಜನ ಬರೆದರು. ಈ ವರ್ಷ ಸೆಂಟರಿನ ಬಳಿ ಫಲಿತಾಂಶ ಇರಲಿಲ್ಲ. ಮುಂದಿನ ಏಪ್ರಿಲ್‌ಗೆ ಆ ಪುಸ್ತಕದ ಲೆಕ್ಕವೇ ಇರುತ್ತದೆ. "ಹೋದ ಬೇಸಿಗೆ ಬಂದ ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಮಕ್ಕಳು ಮೂರೂ ಪಾಠ ಮುಗಿಸಿದರು" ಎಂದು ಬರೆಯುವಂತಾದರೆ, ಐದು ಮಕ್ಕಳು ನಡುವೆ ಬಿಟ್ಟದ್ದನ್ನೂ ಮುಚ್ಚಿಡದ ಆ ಸಾಲು ಎರಡನೇ ವರ್ಷದ ಪಾಂಪ್ಲೆಟ್ಟಿನ ನೆತ್ತಿಗೆ ಹೋಗುತ್ತದೆ.